‘ನನಗೆ ಓದೋದು ಇಷ್ಟ ಇಲ್ಲ’ ಎನ್ನುವ ಹತ್ತು ವರ್ಷದ ಮಗುವಿಗೆ ಐದು ಪುಸ್ತಕ ಆರಿಸುವುದು ಹೇಗೆ?

ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಪುಸ್ತಕದ ಅಂಗಡಿ ಇದೆ. ನೋಟ್‌ಬುಕ್ಕು, ಗೈಡು, ಜಾಮಿಟ್ರಿ ಬಾಕ್ಸ್ ಮಾರಿಯೇ ಅಂಗಡಿ ನಡೆಯುತ್ತದೆ. ಒಂದು ಕಪಾಟು ಮಾತ್ರ ಮಕ್ಕಳ ಕಥೆ ಪುಸ್ತಕಕ್ಕೆ ಮೀಸಲು. ಅಲ್ಲಿಗೆ ಬರುವವರ ಮಾತು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ‘ಹತ್ತು ವರ್ಷದ ಹುಡುಗ ಅದಾನ್ರಿ, ಓದು ಅಂದ್ರ ಓಡಿ ಹೋಗ್ತಾನ. ಬರ್ತ್‌ಡೇಕ್ಕ ಒಂದೈದು ಪುಸ್ತಕ ಕೊಡ್ರಿ.’ ಆಮೇಲೆ ಅವರೇ ಐದು ಆರಿಸುತ್ತಾರೆ. ಒಂದು ಪಂಚತಂತ್ರ, ಒಂದು ಮಹಾಪುರುಷರ ಜೀವನಚರಿತ್ರೆ, ಒಂದು ಸಾಮಾನ್ಯ ಜ್ಞಾನ, ಒಂದು ನೀತಿಕಥೆ, ಕೊನೆಗೆ ‘ಇರಲಿ, ಉಪಯೋಗಕ್ಕ ಬರ್ತದ’ ಎಂದು ಒಂದು ಇಂಗ್ಲಿಷ್ ಗ್ರಾಮರ್.

ತಿಂಗಳ ನಂತರ ಸಿಕ್ಕಾಗ ಕೇಳಿದರೆ, ‘ತಗದೇ ನೋಡಿಲ್ರಿ’ ಎನ್ನುತ್ತಾರೆ. ಇದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಪುಸ್ತಕ ಕೊಡುವ ಮೊದಲು ನಾನೇ ನಾಲ್ಕು ಪ್ರಶ್ನೆ ಕೇಳುತ್ತೇನೆ. ಗಿರಾಕಿಗಳಿಗೆ ಬೇಜಾರಾಗುತ್ತದೆ, ಆದರೂ ಕೇಳುತ್ತೇನೆ. ಅಂಗಡಿಯಲ್ಲಿ ನಿಂತು ಅವಸರದಲ್ಲಿ ಹೇಳುವುದನ್ನು ಇಲ್ಲಿ ಸಾವಕಾಶವಾಗಿ ಬರೆದಿದ್ದೇನೆ. ಇಡೀ ಕೆಲಸಕ್ಕೆ ಒಂದು ವಾರ ಬೇಕು. ಹುಟ್ಟುಹಬ್ಬ ನಾಳೆಯೇ ಇದ್ದರೆ ಒಂದು ಪುಸ್ತಕ ಮಾತ್ರ ಕೊಡಿ, ಉಳಿದ ನಾಲ್ಕನ್ನು ಆಮೇಲೆ ನೋಡೋಣ.

## ಮೊದಲು ಇವಿಷ್ಟು ಹತ್ತಿರ ಇರಲಿ

ಒಂದು ಚೀಟಿ, ಒಂದು ಪೆನ್ಸಿಲ್. ಮಗು ಈ ಹಿಂದೆ ನೋಡಿರದ ಮೂರು ಕಥೆಗಳಿಂದ ಒಂದೊಂದು ಪುಟ: ಒಂದು ಸುಲಭದ್ದು, ಒಂದು ನಡುವಿನದು, ಒಂದು ಕಷ್ಟದ್ದು. ಇದಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಪ್ರಥಮ್ ಬುಕ್ಸ್‌ನವರ storyweaver.org.in ತಾಣದಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ, ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಅಲ್ಲಿ ಕಥೆಗಳಿಗೆ 1ರಿಂದ 4ರವರೆಗೆ ಲೆವೆಲ್ ಕೊಟ್ಟಿರುತ್ತಾರೆ. ಲೆವೆಲ್ 1ರಲ್ಲಿ ಒಂದೆರಡು ಸಾಲಿನ ಪುಟಗಳು, 4ರಲ್ಲಿ 1,500 ಪದ ದಾಟುವ ಕಥೆಗಳು. ನಮಗೆ 2, 3 ಮತ್ತು 4ರಿಂದ ಒಂದೊಂದು ಪುಟ ಸಾಕು.

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. ಈಗ ಅದನ್ನು ಅರಿವು ಕೇಂದ್ರ ಎಂದೂ ಕರೆಯುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಕೊಳ್ಳುವ ಮೊದಲು ಎಂಥ ಪುಸ್ತಕ ಹಿಡಿಸುತ್ತದೆ ಎಂದು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕೊನೆಯದಾಗಿ, ಒಂದು ಖಾಲಿ ಲಕೋಟೆ. ಅದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

## ಹಂತ 1: ‘ಇಷ್ಟ ಇಲ್ಲ’ ಅಂದರೆ ಏನು ಅಂತ ಕಂಡುಹಿಡಿಯಿರಿ

ಇದನ್ನು ಬಿಟ್ಟು ಪುಸ್ತಕ ಕೊಂಡರೆ ಮುಂದಿನದೆಲ್ಲ ವ್ಯರ್ಥ. ‘ಓದೋದು ಇಷ್ಟ ಇಲ್ಲ’ ಎನ್ನುವ ಮಕ್ಕಳಲ್ಲಿ ನಾನು ಮೂರು ಥರದವರನ್ನು ನೋಡಿದ್ದೇನೆ. ಒಂದು, ಅಕ್ಷರ ಗೊತ್ತು, ಆದರೆ ಓದು ಸರಾಗ ಇಲ್ಲ, ಹಾಗಾಗಿ ಎರಡನೇ ಸಾಲಿಗೇ ದಣಿವು. ಎರಡು, ಚೆನ್ನಾಗಿ ಓದಬಲ್ಲರು, ಆದರೆ ಇಲ್ಲಿಯತನಕ ಕೈಗೆ ಸಿಕ್ಕ ಪುಸ್ತಕಗಳೆಲ್ಲ ಬೋರು. ಮೂರು, ಓದು ಅಂದರೆ ಪ್ರಶ್ನೆ ಕೇಳುತ್ತಾರೆ, ತಪ್ಪಾದರೆ ಬೈಯುತ್ತಾರೆ ಎಂಬ ಹೆದರಿಕೆ. ಮೂವರೂ ಹೇಳುವುದು ಒಂದೇ ಮಾತು. ಕೊಡಬೇಕಾದ ಪುಸ್ತಕ ಮಾತ್ರ ಬೇರೆ ಬೇರೆ.

ಎರಡು ದಿನ ಏನೂ ಕೇಳಬೇಡಿ, ಸುಮ್ನೆ ನೋಡಿ. ಮಗು ಏನನ್ನು ತಾನಾಗಿ ಓದುತ್ತದೆ? ಬಸ್ಸಿನ ಬೋರ್ಡು, ಕ್ರಿಕೆಟ್ ಸ್ಕೋರು, ಮೊಬೈಲ್ ಗೇಮಿನಲ್ಲಿ ಬರುವ ಸೂಚನೆ, ಕುರ್ಕುರೆ ಪ್ಯಾಕೆಟ್ಟು, ವಿಡಿಯೊಗಳ ತಲೆಬರಹ. ಯಾವ ಭಾಷೆಯಲ್ಲಿ ಓದುತ್ತದೆ ಎಂದೂ ಬರೆದುಕೊಳ್ಳಿ. ನಮ್ಮ ಕಡೆ ಇದು ಚಿಕ್ಕ ವಿಷಯ ಅಲ್ಲ. ರಾಯಚೂರು, ಬಳ್ಳಾರಿ ಕಡೆ ಮನೆಯಲ್ಲಿ ತೆಲುಗು ಅಥವಾ ಉರ್ದು, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಕ್ಕಳು ಬೇಕಾದಷ್ಟು ಇದ್ದಾರೆ. ‘ಇಂಗ್ಲಿಷ್ ಮೀಡಿಯಂ, ಹಂಗಾಗಿ ಇಂಗ್ಲಿಷ್ ಪುಸ್ತಕನ ಕೊಡ್ರಿ’ ಎಂದು ಅಪ್ಪ ಹೇಳುತ್ತಾನೆ. ಹುಡುಗ ಮಾತ್ರ ನನ್ನ ಕ್ಯಾಲೆಂಡರ್ ಮೇಲಿನ ಕನ್ನಡ ಜೋಕು ಓದಿ ನಗುತ್ತಾ ನಿಂತಿರುತ್ತಾನೆ.

ಇಲ್ಲಿ ಆಗುವ ತಪ್ಪು: ‘ನಿನಗ್ಯಾಕ ಓದೋದು ಇಷ್ಟ ಇಲ್ಲ?’ ಎಂದು ನೇರವಾಗಿ ಕೇಳುವುದು. ಹತ್ತು ವರ್ಷದ ಮಗು ‘ನನಗೆ ಓದಲು ಬರುವುದಿಲ್ಲ’ ಎಂದು ಎಂದೂ ಒಪ್ಪಿಕೊಳ್ಳುವುದಿಲ್ಲ. ‘ಬ್ಯಾಸರ’ ಅನ್ನುತ್ತದೆ. ಅದು ಮಾನ ಕಾಯುವ ಉತ್ತರ.

## ಹಂತ 2: ಒಂದು ಪುಟ ಓದಿಸಿ, ಒಂದು ಪುಟ ಓದಿ ಹೇಳಿ

ಇದನ್ನು ಪರೀಕ್ಷೆ ಅಂತ ಗೊತ್ತಾಗದ ಹಾಗೆ ಮಾಡಬೇಕು. ‘ನನ್ನ ಕನ್ನಡಕ ಎಲ್ಲೋ ಹೋತು, ಇದೊಂದು ಓದಿ ಹೇಳು’ ಎಂದರೆ ನಡೆಯುತ್ತದೆ. ಅಜ್ಜಿಗೆ ಓದಿ ಹೇಳು ಅಂದರೂ ಸರಿ. ಅಕ್ಕತಮ್ಮಂದಿರ ಎದುರು ಮಾತ್ರ ಬೇಡ.

ಮೊದಲು ನಡುವಿನ ಪುಟ ಕೊಡಿ, ಅಂದರೆ ಲೆವೆಲ್ 3ರದ್ದು. ಸುಮಾರು ಐವತ್ತು ಅರವತ್ತು ಪದ ಇದ್ದರೆ ಸಾಕು. ಓದುವಾಗ ತಿದ್ದಬೇಡಿ. ಎಲ್ಲಿ ನಿಂತರು, ಎಲ್ಲಿ ತಪ್ಪಿದರು ಎನ್ನುವುದನ್ನು ಬೆರಳು ಮಡಚಿ ಎಣಿಸಿ. ಒಂದು ಪುಟಕ್ಕೆ ಒಂದು ಬೆರಳು ಅಥವಾ ಒಂದೂ ಇಲ್ಲ ಅಂದರೆ ಆ ಮಟ್ಟ ಸಲೀಸು. ಎರಡು ಮೂರಾದರೆ ಹದ. ಐದೂ ಮಡಚಿದರೆ ಆ ಮಟ್ಟದ ಪುಸ್ತಕವನ್ನು ಒಬ್ಬನೇ ಓದುವುದಕ್ಕೆ ಕೊಡಬೇಡಿ. ನಡುವಿನದು ಕಷ್ಟವಾದರೆ ಸುಲಭದ್ದಕ್ಕೆ ಇಳಿಯಿರಿ.

ಎಷ್ಟು ತಪ್ಪಿದರು ಎನ್ನುವುದಕ್ಕಿಂತ ಎಲ್ಲಿ ತಪ್ಪಿದರು ಎನ್ನುವುದು ಮುಖ್ಯ. ಕನ್ನಡದಲ್ಲಿ ಮಕ್ಕಳು ಎಡವುವ ಜಾಗ ಎರಡು. ಒಂದು ಒತ್ತಕ್ಷರ. ‘ಮರ’, ‘ಹುಲಿ’, ‘ಮನೆಗೆ’ ಎಲ್ಲ ಸಲೀಸಾಗಿ ಹೋಗುತ್ತದೆ. ‘ಉತ್ಸಾಹ’, ‘ದೃಷ್ಟಿ’, ‘ಸ್ವಾತಂತ್ರ್ಯ’ ಬಂದಾಗ ಗಾಡಿ ನಿಲ್ಲುತ್ತದೆ. ಇನ್ನೊಂದು ಉದ್ದದ ಪದ. ‘ಹೋಗಬೇಕಾಗಿತ್ತಂತೆ’, ‘ಮಾಡಿಕೊಂಡಿದ್ದರಿಂದ’ ಎನ್ನುವ ಪದಗಳು ಮಾತಿನಲ್ಲಿ ಬಂದಾಗ ಏನೂ ಅನ್ನಿಸುವುದಿಲ್ಲ. ಅಚ್ಚಿನಲ್ಲಿ ಮಗುವಿಗೆ ಅದೊಂದು ಗೂಡ್ಸ್ ರೈಲು. ಕೊನೆಯ ಡಬ್ಬಿಗೆ ಬರುವಷ್ಟರಲ್ಲಿ ಇಂಜಿನ್ ಯಾವುದಿತ್ತು ಅಂತ ಮರೆತಿರುತ್ತದೆ.

ಉತ್ತರ ಕರ್ನಾಟಕದವರಿಗೆ ಇನ್ನೊಂದು ತೊಡಕೂ ಇದೆ. ಮನೆಯಲ್ಲಿ ‘ಐತಿ’, ‘ಹೋಗ್ಯಾನ’, ‘ಬರಾಕತ್ತಾನ’ ಎನ್ನುವ ಮಗು ಪುಸ್ತಕದಲ್ಲಿ ‘ಇದೆ’, ‘ಹೋಗಿದ್ದಾನೆ’, ‘ಬರುತ್ತಿದ್ದಾನೆ’ ಓದಬೇಕು. ಅಕ್ಷರ ಕೂಡಿಸುವ ಜೊತೆಗೆ ಒಳಗೊಳಗೇ ಭಾಷೆಯನ್ನೂ ಬದಲಿಸಿಕೊಳ್ಳುತ್ತಿರುತ್ತದೆ. ಓದುವಾಗ ‘ಇದೆ’ ಇದ್ದಲ್ಲಿ ‘ಐತಿ’ ಅಂದರೆ ಅದನ್ನು ತಪ್ಪೆಂದು ಎಣಿಸಬೇಡಿ. ಅರ್ಥ ಆಗಿದೆ, ಅದಕ್ಕೇ ಬದಲಾಯಿಸಿದೆ. ಅದು ಒಳ್ಳೆಯ ಗುರುತು.

ಈಗ ಕಷ್ಟದ ಪುಟ ತೆಗೆದು, ನೀವೇ ಓದಿ ಹೇಳಿ. ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ: ‘ಮುಂದ ಏನಾಗಿರಬಹುದು?’ ಈ ಪ್ರಶ್ನೆಗೆ ಸರಿ ತಪ್ಪು ಇಲ್ಲ, ಹಾಗಾಗಿ ಮಗು ಹೆದರುವುದಿಲ್ಲ. ನಿಮಗೆ ಮಾತ್ರ ಎಲ್ಲ ತಿಳಿಯುತ್ತದೆ.

ಕೇಳುವಾಗ ಕಣ್ಣರಳಿಸಿ ಕೂತು, ತಾನು ಓದುವಾಗ ಮಾತ್ರ ತಡವರಿಸಿದರೆ ಅದು ಮೊದಲನೇ ಥರ. ಕಥೆ ಇಷ್ಟ, ಅಕ್ಷರ ಕಷ್ಟ. ತಾನೇ ಸಲೀಸಾಗಿ ಓದಿ, ಕೇಳುವಾಗಲೂ ಆಕಳಿಸಿದರೆ ಎರಡನೇ ಥರ. ವಿಷಯ ಹಿಡಿಸಿಲ್ಲ, ಅಷ್ಟೇ. ಕೇಳುವಾಗ ಖುಷಿ, ಓದು ಅಂದ ಕೂಡಲೇ ಮುಖ ಸಣ್ಣದು, ಆದರೆ ಓದಿದರೆ ತಪ್ಪಿಲ್ಲ ಅಂದರೆ ಮೂರನೆಯದು. ಕೇಳಿದಾಗಲೂ ಅರ್ಥವಾಗಿಲ್ಲ ಎಂದರೆ ಭಾಷೆಯ ಆಯ್ಕೆಯೇ ತಪ್ಪಿರಬಹುದು. ಅದೇ ಕಥೆಯನ್ನು ಮನೆಯ ಭಾಷೆಯಲ್ಲಿ ಹೇಳಿ ನೋಡಿ.

ಇಲ್ಲಿ ಎಚ್ಚರ: ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವುದು, ಒಂದು ಕಣ್ಣು ಮುಚ್ಚಿ ಓದುವುದು, ಸಾಲು ಬಿಟ್ಟು ಸಾಲು ಹಾರುವುದು, ಓದಿದ ಮೇಲೆ ತಲೆನೋವು ಎನ್ನುವುದು ಕಂಡರೆ ಮೊದಲು ಕಣ್ಣು ತೋರಿಸಿ, ಆಮೇಲೆ ಪುಸ್ತಕದ ಅಂಗಡಿ. ಐದನೇ ತರಗತಿಗೆ ಬಂದರೂ ಸರಳ ಪದಗಳನ್ನೇ ಮೊದಲ ಅಕ್ಷರ ನೋಡಿ ಊಹಿಸುತ್ತಿದ್ದರೆ, ಒಂದೇ ಪದವನ್ನು ಪ್ರತಿ ಸಾಲಿನಲ್ಲೂ ಬೇರೆ ಬೇರೆ ಥರ ಓದುತ್ತಿದ್ದರೆ, ಶಾಲೆಗೆ ಬರುವ ಆರ್‌ಬಿಎಸ್‌ಕೆ ಆರೋಗ್ಯ ತಂಡಕ್ಕೆ ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಿಗೆ ತಿಳಿಸಿ. ಆ ತಂಡದವರು ನೋಡುವ ಪಟ್ಟಿಯಲ್ಲಿ ದೃಷ್ಟಿದೋಷವೂ ಇದೆ, ಕಲಿಕೆಯ ತೊಂದರೆಯೂ ಇದೆ. ಉಡುಗೊರೆ ಪುಸ್ತಕದಿಂದ ವಾಸಿಯಾಗುವ ವಿಷಯ ಅದಲ್ಲ.

## ಹಂತ 3: ಆಸಕ್ತಿಯನ್ನು ಸಣ್ಣದು ಮಾಡಿ

‘ಅವನಿಗೆ ಸೈನ್ಸ್ ಇಷ್ಟ’ ಎಂದರೆ ನನಗೆ ಏನೂ ಗೊತ್ತಾಗುವುದಿಲ್ಲ. ‘ಪ್ರಾಣಿ ಇಷ್ಟ’ ಅಂದರೂ ಅಷ್ಟೇ. ಮಗು ಏನು ಮಾಡುತ್ತದೆ ಅಂತ ಹೇಳಿ. ಇರುವೆ ಸಾಲಿಗೆ ನೀರು ಹಾಕಿ ನೋಡುತ್ತದೆಯೋ, ನಾಯಿಮರಿಗೆ ಹೆಸರಿಡುತ್ತದೆಯೋ, ಕೆಟ್ಟ ರಿಮೋಟ್ ಬಿಚ್ಚುತ್ತದೆಯೋ? ಮೂರಕ್ಕೂ ಬೇರೆ ಬೇರೆ ಪುಸ್ತಕ ಬೇಕು.

ಒಂದು ಪ್ರಕರಣ ಹೇಳುತ್ತೇನೆ. ಮುನಿರಾಬಾದ್‌ನಿಂದ ಒಬ್ಬರು ಬಂದಿದ್ದರು, ಅಕ್ಕನ ಮಗನಿಗೆ ಪುಸ್ತಕ ಬೇಕಿತ್ತು. ಐದನೇ ತರಗತಿ, ಇಂಗ್ಲಿಷ್ ಮೀಡಿಯಂ. ಹಿಂದಿನ ವರ್ಷ ಇವರೇ ದಪ್ಪನೆಯ ಮಹಾಭಾರತ ಕೊಟ್ಟಿದ್ದರಂತೆ. ಅದು ಟಿವಿ ಕೆಳಗೆ ಸೇರಿ ಅದರ ಎತ್ತರ ಸರಿಮಾಡಿತ್ತು. ‘ಅವನಿಗೇನು ಇಷ್ಟ?’ ಎಂದು ಕೇಳಿದೆ. ‘ಡ್ಯಾಮ್’ ಎಂದರು.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆಗಿನಿಂದ ಹುಡುಗನಿಗೆ ಅದೇ ಧ್ಯಾನ. 33 ಗೇಟನ್ನೂ ನಂಬರ್ ಸಮೇತ ಬರೆಯುತ್ತಿದ್ದ. ಮಾಮಾ ‘ಹಂಗಾದ್ರ ಡ್ಯಾಮಿನ ಮ್ಯಾಲ ಒಂದು ಪುಸ್ತಕ ಕೊಡ್ರಿ’ ಎಂದರು. ಆ ವಯಸ್ಸಿಗೆ ಆಗುವಂಥದ್ದು ನನ್ನ ಕಪಾಟಿನಲ್ಲಿ ಇರಲಿಲ್ಲ. ನದಿಗಳ ಮೇಲಿನ ಒಂದು ಪುಸ್ತಕ ಕೈಗೆ ಬಂತು. ಕೊಡುವವನಿದ್ದೆ, ಅಷ್ಟರಲ್ಲಿ ಹುಡುಗ ಬರೆದ ಚಿತ್ರವನ್ನು ಮಾಮಾ ಮೊಬೈಲಿನಲ್ಲಿ ತೋರಿಸಿದರು. ಚಿತ್ರದಲ್ಲಿ ನೀರೇ ಇರಲಿಲ್ಲ. ಕ್ರೇನು, ಚೈನು, ಕೊಕ್ಕೆ, ಹೊಳೆಗೆ ಇಳಿಸುತ್ತಿರುವ ಹೊಸ ತುಂಡು, ಇಷ್ಟೇ. ಅವನ ತಲೆಯಲ್ಲಿ ಇದ್ದದ್ದು ನದಿ ಅಲ್ಲ. ಅಷ್ಟು ಭಾರದ್ದನ್ನು ಹೇಗೆ ಎತ್ತುತ್ತಾರೆ ಎನ್ನುವುದು. ನದಿಯ ಪುಸ್ತಕ ಒಳಗಿಟ್ಟು, ಸನ್ನೆಕೋಲು, ರಾಟೆಗಳ ಬಗ್ಗೆ ಚಿತ್ರ ಜಾಸ್ತಿ ಇರುವ ಒಂದು ಪುಸ್ತಕ ತೆಗೆದೆ.

ನಿಮ್ಮ ಚೀಟಿಯಲ್ಲಿ ಹೀಗೆ ಒಂದು ಸಾಲು ಬರಬೇಕು. ‘ಅವನಿಗೆ ಭಾರದ್ದನ್ನು ಎತ್ತುವುದು ಹೇಗೆ ಅಂತ ನೋಡುವುದು ಇಷ್ಟ.’ ‘ಅವಳಿಗೆ ಯಾರನ್ನಾದರೂ ಮೋಸಗೊಳಿಸಿ ನಗುವುದು ಇಷ್ಟ.’ ಒಂದೇ ಶಬ್ದದಲ್ಲಿ ಮುಗಿದರೆ ಇನ್ನೊಂದು ದಿನ ನೋಡಿ.

## ಹಂತ 4: ಐದು ಪುಸ್ತಕಕ್ಕೆ ಐದು ಬೇರೆ ಕೆಲಸ

ಐದೂ ಒಂದೇ ಥರದ್ದಿದ್ದರೆ, ಒಂದು ಸೋತಾಗ ಐದೂ ಸೋಲುತ್ತವೆ. ಅದಕ್ಕೆ ಒಂದೊಂದಕ್ಕೂ ಒಂದೊಂದು ಕೆಲಸ ಹಚ್ಚಬೇಕು.

ಮೊದಲನೆಯದು ಒಂದೇ ಕೂತಿಗೆ ಮುಗಿಯುವ ಪುಸ್ತಕ. ಹದಿನೈದು ಇಪ್ಪತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಮಗುವಿನ ಹದಕ್ಕಿಂತ ಒಂದು ಮೆಟ್ಟಿಲು ಕೆಳಗಿರಲಿ. ಬೆರಳು ಮಡಚುವ ಆಟದಲ್ಲಿ ಲೆವೆಲ್ 3 ಹದ ಎಂದಾದರೆ ಲೆವೆಲ್ 2ರಷ್ಟು ಸುಲಭದ್ದು ಕೊಡಿ. ಇದರ ಕೆಲಸ ‘ಒಂದು ಪುಸ್ತಕ ಮುಗಿಸಿದೆ’ ಎನಿಸುವುದು, ಅಷ್ಟೇ. ಇಂಥ ಮಕ್ಕಳಲ್ಲಿ ಬಹಳ ಜನ ಪಠ್ಯ ಬಿಟ್ಟು ಬೇರೆ ಯಾವ ಪುಸ್ತಕವನ್ನೂ ಕೊನೆಯ ಪುಟದವರೆಗೆ ನೋಡಿರುವುದಿಲ್ಲ.

ಇದರಲ್ಲೊಂದು ಗುಂಡಿ ಇದೆ, ನಾನೇ ಅದರಲ್ಲಿ ಬಿದ್ದೆ. ಮುನಿರಾಬಾದ್ ಹುಡುಗನಿಗೆ ಮಟ್ಟ ಸರಿ ಇದೆ ಅಂತ ಬಾತುಕೋಳಿ ಮರಿಯ ಕಥೆ ಕೊಟ್ಟೆ. ಮುಖಪುಟ ನೋಡಿಯೇ ‘ಇದು ಅಂಗನವಾಡಿ ಹುಡುಗರದು’ ಎಂದು ತಂಗಿಗೆ ಎಸೆದನಂತೆ. ಮಾತು ಸುಲಭ ಇರಬೇಕು, ಕಥೆಯೊಳಗಿನ ಮಗು ಮಾತ್ರ ಹತ್ತು ಹನ್ನೊಂದು ವರ್ಷದ್ದಾಗಿರಬೇಕು. ಮುಖಪುಟದಲ್ಲಿ ಬಲೂನು, ಮೊಲ, ಗುಲಾಬಿ ಬಣ್ಣದ ಅಕ್ಷರ ಇದ್ದರೆ ಒಳಗೆ ಏನೇ ಇದ್ದರೂ ಬೇಡ.

ಎರಡನೆಯದು ನಗಿಸುವ ಪುಸ್ತಕ. ಒಗಟು, ಚುಟುಕು, ಚಿತ್ರಕಥೆ, ತೆನಾಲಿ ರಾಮ ಅಥವಾ ಬೀರಬಲ್ಲನ ಥರದ ಜಾಣತನದ ಕಥೆಗಳು. ಎಲ್ಲಿಂದ ಬೇಕಾದರೂ ತೆರೆಯಬಹುದು, ಎರಡು ನಿಮಿಷಕ್ಕೆ ಒಂದು ಮುಗಿಯುತ್ತದೆ. ಒಗಟಿನ ಪುಸ್ತಕಕ್ಕೆ ಇನ್ನೊಂದು ಗುಣ ಇದೆ. ಇನ್ನೊಬ್ಬರನ್ನು ಸೋಲಿಸಬೇಕಾದರೆ ತಾನು ಓದಲೇಬೇಕು. ಅಜ್ಜನ ಹತ್ತಿರ ಹೋಗಿ ‘ಇದಕ್ಕ ಉತ್ತರ ಹೇಳು ನೋಡೋಣ’ ಎನ್ನುವ ಮಗು ಜೋರಾಗಿ, ಸ್ಪಷ್ಟವಾಗಿ ಓದುತ್ತದೆ. ಯಾರೂ ಹೇಳದೆಯೇ ನಾಲ್ಕು ಸಲ ಓದುತ್ತದೆ. ಮೂರನೇ ಥರದ ಹೆದರುವ ಮಕ್ಕಳಿಗೆ ಇದನ್ನೇ ಮೊದಲು ಕೊಡಿ. ಇಲ್ಲಿ ಪ್ರಶ್ನೆ ಕೇಳುವವರು ಅವರೇ.

ಚಿತ್ರಕಥೆ ಓದಿದರೆ ‘ನಿಜವಾದ ಓದು’ ಕೆಡುತ್ತದೆ ಎನ್ನುವ ಅಪ್ಪಂದಿರು ನನ್ನ ಅಂಗಡಿಗೆ ಬರುತ್ತಾರೆ. ನಾನು ವಾದ ಮಾಡುವುದಿಲ್ಲ. ಒಂದು ಚಿತ್ರಕಥೆ ತೆಗೆದು, ಅದರಲ್ಲಿ ಎಷ್ಟು ಮಾತುಗಳಿವೆ ಎಣಿಸಿ ಎನ್ನುತ್ತೇನೆ. ಎಲ್ಲ ಸಂಭಾಷಣೆ, ಎಲ್ಲ ಚಿಕ್ಕ ವಾಕ್ಯ. ಪದ ತಿಳಿಯದಿದ್ದರೆ ಚಿತ್ರ ಹೇಳಿಕೊಡುತ್ತದೆ. ಮೊದಲನೇ ಥರದ ಮಕ್ಕಳಿಗೆ ಇಷ್ಟೇ ಬೇಕಾಗಿರುವುದು.

ಮೂರನೆಯದು ನಿಮ್ಮ ಚೀಟಿಯ ಸಾಲಿಗೆ ಹೊಂದುವ ಮಾಹಿತಿ ಪುಸ್ತಕ. ಇದನ್ನು ಮೊದಲಿನಿಂದ ಕೊನೆಯತನಕ ಓದಬೇಕಿಲ್ಲ. ಪ್ರತಿ ಪುಟದಲ್ಲೂ ಚಿತ್ರ, ಚಿತ್ರಕ್ಕೆ ಗೆರೆ ಎಳೆದು ಬರೆದ ಹೆಸರು, ಕೆಳಗೆ ಎರಡು ಮೂರು ಸಾಲು. ಹೀಗಿದ್ದರೆ ಮಗು ಚಿತ್ರದಿಂದ ಅಕ್ಷರಕ್ಕೆ ಇಳಿಯುತ್ತದೆ. ಒಂದು ಇಡೀ ಪುಟ ಬರೀ ಅಕ್ಷರ ಇದ್ದರೆ ಅದು ದೊಡ್ಡವರ ಪುಸ್ತಕ, ಮುಖಪುಟದಲ್ಲಿ ‘ಮಕ್ಕಳಿಗಾಗಿ’ ಅಂತ ಇದ್ದರೂ ಅಷ್ಟೇ. ಮಟ್ಟ ಸ್ವಲ್ಪ ಮೇಲಿದ್ದರೂ ಇಲ್ಲಿ ಚಿಂತೆ ಇಲ್ಲ. ಇಷ್ಟದ ವಿಷಯದಲ್ಲಿ ಮಕ್ಕಳು ಕಷ್ಟದ ಪದವನ್ನೂ ಬಿಡುವುದಿಲ್ಲ. ಆ ಹುಡುಗ ಲೆವೆಲ್ 3ರ ಪುಟದಲ್ಲಿ ಐದೂ ಬೆರಳು ಮಡಚಿಸಿದವನು, ಆದರೆ ‘ಹೈಡ್ರಾಲಿಕ್’ ಎನ್ನುವುದನ್ನು ತಡವರಿಸದೆ ಓದಿದನಂತೆ.

ನಾಲ್ಕನೆಯದು ನೀವು ಓದಿ ಹೇಳುವ ಪುಸ್ತಕ. ಇದು ಮಗುವಿನ ಓದಿನ ಮಟ್ಟಕ್ಕಿಂತ ಮೇಲಿರಬೇಕು, ಕೇಳುವ ಮಟ್ಟಕ್ಕೆ ಸರಿ ಇರಬೇಕು. ಅಧ್ಯಾಯಗಳಿರುವ ಒಂದು ಸಾಹಸದ ಕಥೆ ಆದೀತು. ಅಧ್ಯಾಯ ಐದಾರು ಪುಟದ್ದಿರಲಿ, ಕೊನೆಯಲ್ಲಿ ‘ಮುಂದೇನು?’ ಅನ್ನಿಸಲಿ. ಓದಿ ಹೇಳುವುದಕ್ಕೆ ಲಯ ಇರುವುದೂ ಚೆನ್ನ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಪೂರ್ತಿ ಪದ್ಯ. ಸುಮ್ಮನೆ ಕಣ್ಣಾಡಿಸಿದರೆ ಮಗುವಿಗೆ ಕಷ್ಟ, ಬಾಯಿಬಿಟ್ಟು ಓದಿದರೆ ಇಲಿಗಳು ಓಡುವುದೇ ಕೇಳಿಸುತ್ತದೆ.

ಈ ಪುಸ್ತಕ ಕೊಡುವ ಮೊದಲು ಮನೆಯಲ್ಲಿ ಓದಿ ಹೇಳುವವರು ಯಾರು ಅಂತ ಗೊತ್ತು ಮಾಡಿಕೊಳ್ಳಿ. ಅವ್ವ ಹೊಲಕ್ಕೆ ಹೋಗಿ ಏಳು ಗಂಟೆಗೆ ಬಂದು ರೊಟ್ಟಿ ಬಡಿಯುವ ಮನೆಗೆ ‘ರಾತ್ರಿ ಅರ್ಧ ತಾಸು ಓದಿ ಹೇಳ್ರಿ’ ಎನ್ನುವುದು ಸುಲಭ, ಆಗುವುದು ಕಷ್ಟ. ಅಂಥಲ್ಲಿ ನೀವೇ ದಿನಕ್ಕೊಂದು ಅಧ್ಯಾಯ ಓದಿ, ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಕಳಿಸಿ. ಮಗು ಪುಸ್ತಕ ಹಿಡಿದು ಕೇಳಲಿ. ಮುನಿರಾಬಾದ್ ಮಾಮಾ ಹಾಗೇ ಮಾಡಿದರು. ನಾಲ್ಕನೇ ದಿನ ಕೆಲಸದಲ್ಲಿ ಮರೆತರು. ರಾತ್ರಿ ಹತ್ತಕ್ಕೆ ಅಕ್ಕನ ಫೋನಿನಿಂದ ಹುಡುಗನ ದನಿ: ‘ಮಾಮಾ, ಇವತ್ತಿಂದು ಎಲ್ಲೈತಿ?’

ಐದನೆಯದನ್ನು ನೀವು ಕೊಳ್ಳಬೇಡಿ. ಲಕೋಟೆ ಅಂದೆನಲ್ಲ, ಅದು ಇದಕ್ಕೇ. ಒಂದು ಪುಸ್ತಕದ ದುಡ್ಡು ಹಾಕಿ, ಮೇಲೆ ‘ಇದು ನಿನ್ನ ಐದನೇ ಪುಸ್ತಕ, ನೀನೇ ಆರಿಸು’ ಎಂದು ಬರೆಯಿರಿ. ಅಂಗಡಿಗೆ ಕರೆದುಕೊಂಡು ಹೋದಾಗ ಏನು ಆರಿಸಿದರೂ ಬೇಡ ಅನ್ನಬಾರದು. ಭೂತದ ಕಥೆ, ಟ್ರ್ಯಾಕ್ಟರ್ ಚಿತ್ರಗಳು, ಕ್ರಿಕೆಟ್ ದಾಖಲೆ, ಏನೇ ಇರಲಿ. ಕಷ್ಟ ಇರುವುದು ಮಗುವಿಗಲ್ಲ, ಜೊತೆಗೆ ಬಂದ ದೊಡ್ಡವರಿಗೆ. ‘ಅದ್ಯಾಕೋ, ಇದನ್ನ ತಗೋ’ ಎಂದು ಬಾಯಿ ಬಿಟ್ಟ ಕೂಡಲೇ ಲಕೋಟೆಯ ಬೆಲೆ ಹೋಯಿತು. ನಾನು ಅವರನ್ನು ಚಹಾಕ್ಕೆ ಕಳಿಸಿಬಿಡುತ್ತೇನೆ.

## ಹಂತ 5: ಅಂಗಡಿಯಲ್ಲಿ ಕೈಗೆ ತೆಗೆದುಕೊಂಡಾಗ

ಮುಖಪುಟ ನೋಡಿದ್ದಾಯಿತು ಎಂದರೆ, ನೇರ ಕೊನೆಯ ಪುಟಕ್ಕೆ ಹೋಗಿ. ಅಲ್ಲಿ ‘ನೀತಿ:’ ಎಂದು ದಪ್ಪ ಅಕ್ಷರದಲ್ಲಿ ಇದ್ದರೆ ಕೆಳಗಿಡಿ. ಪ್ರಶ್ನೋತ್ತರ, ‘ಬಿಟ್ಟ ಸ್ಥಳ ತುಂಬಿ’ ಇದ್ದರಂತೂ ಖಂಡಿತ ಬೇಡ. ಅದು ಪಠ್ಯಪುಸ್ತಕದ ತಮ್ಮ, ಮಗು ಮೂಸಿ ನೋಡಿಯೇ ಗುರುತಿಸುತ್ತದೆ.

ಆಮೇಲೆ ನಡುವಿನ ಪುಟ ತೆರೆದು ಒಂದು ಪ್ಯಾರಾ ಮೆಲ್ಲಗೆ ಬಾಯಿಬಿಟ್ಟು ಓದಿ. ನಿಮ್ಮ ನಾಲಿಗೆಯೇ ತೊಡರಿದರೆ ಮಗುವಿನದ್ದು ಬಿಡಿ. ಅನುವಾದದ ಪುಸ್ತಕಗಳಲ್ಲಿ ಇದು ಜಾಸ್ತಿ. ಯಾವ ಮಗುವೂ ಗೆಳೆಯನಿಗೆ ‘ನೀನು ಎಷ್ಟು ಅದ್ಭುತವಾದ ಕಾರ್ಯವನ್ನು ಎಸಗಿರುವೆ!’ ಎನ್ನುವುದಿಲ್ಲ ಅಲ್ವಾ? ಅಂಥ ವಾಕ್ಯ ಒಂದೇ ಸಿಕ್ಕರೂ ಇನ್ನೆರಡು ಪುಟ ನೋಡಿ. ಸಂಭಾಷಣೆ ಜಾಸ್ತಿ ಇರುವ ಪುಸ್ತಕ ಸಾಮಾನ್ಯವಾಗಿ ಸಲೀಸು.

ಅಕ್ಷರದ ಗಾತ್ರ ಮತ್ತು ಸಾಲುಗಳ ನಡುವಿನ ಜಾಗ ನೋಡಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಸಾಲು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ದೊಡ್ಡವರಿಗೆ ಗೊತ್ತೇ ಆಗುವುದಿಲ್ಲ, ಆದರೆ ಒತ್ತಿನಲ್ಲೇ ಎಡವುವ ಮಗುವಿಗೆ ಅದು ಮುಳ್ಳಿನ ಬೇಲಿ. ಒಂದು ಪುಟಕ್ಕೆ ಹದಿನೈದು ಸಾಲಿನ ಆಸುಪಾಸು ಇದ್ದರೆ ಒಳ್ಳೆಯದು. ಕಾಗದ ತೀರ ತೆಳ್ಳಗಿದ್ದು ಹಿಂದಿನ ಪುಟದ ಅಚ್ಚು ಇಣುಕುತ್ತಿದ್ದರೆ ಅಗ್ಗವಾದರೂ ಬೇಡ.

ಊರಿನ ಅಂಗಡಿಗಳಲ್ಲಿ ಇಷ್ಟೆಲ್ಲ ಆಯ್ಕೆ ಸಿಗದೇ ಇರಬಹುದು. ಗೈಡು ಮಾರುವ ನಮ್ಮಂಥವರ ಕಪಾಟು ಚಿಕ್ಕದು. ಹುಬ್ಬಳ್ಳಿಗೆ ಹೋಗುವ ಕೆಲಸ ಇದ್ದರೆ ಅಲ್ಲಿ ನೋಡಿ. ಇಲ್ಲವಾದರೆ ಅಂಗಡಿಯವರಿಗೆ ಹೇಳಿ ತರಿಸಿಕೊಳ್ಳಿ. ಪ್ರಥಮ್ ಬುಕ್ಸ್, ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ, ಈ ಹೆಸರುಗಳನ್ನು ಹೇಳಿದರೆ ನಮಗೆ ತರಿಸುವುದು ಸುಲಭ. ಆನ್‌ಲೈನ್‌ನಲ್ಲಿ ಕೊಂಡರೆ ಒಳಗಿನ ಪುಟ ತೋರಿಸದ ಪುಸ್ತಕ ಕೊಳ್ಳಬೇಡಿ. ‘ಐದು ಪುಸ್ತಕದ ಸೆಟ್’ ಅಗ್ಗಕ್ಕೆ ಸಿಗುತ್ತದೆ, ನಿಜ. ಅದು ಐದೂ ಒಂದೇ ಥರದ್ದು.

## ಹಂತ 6: ಕೊಡುವ ರೀತಿ

ಐದನ್ನೂ ಬಣ್ಣದ ಕಾಗದದಲ್ಲಿ ಸುತ್ತಿ ಒಟ್ಟಿಗೆ ಕೊಟ್ಟರೆ ಮಗುವಿಗೆ ಕಾಣುವುದು ಪುಸ್ತಕ ಅಲ್ಲ, ಹೊಸ ಶಾಲೆ. ಹುಟ್ಟುಹಬ್ಬದ ದಿನ ಎರಡನೆಯದನ್ನು ಮತ್ತು ಲಕೋಟೆಯನ್ನು ಕೊಡಿ. ನಗೆ ಪುಸ್ತಕವನ್ನು ಬಂದ ನೆಂಟರ ನಡುವೆಯೇ ಬಳಸಬಹುದು. ಎರಡು ಮೂರು ದಿನ ಬಿಟ್ಟು ಮೊದಲನೆಯದು. ಮುಂದಿನ ವಾರ ಮೂರನೆಯದು. ನಾಲ್ಕನೆಯದನ್ನು ಕೊಡುವ ದಿನವೇ ಮೊದಲ ಅಧ್ಯಾಯ ಓದಿ ಹೇಳಿ.

ಮೊದಲ ಪುಟದಲ್ಲಿ ‘ಚೆನ್ನಾಗಿ ಓದಿ ದೊಡ್ಡ ಮನುಷ್ಯನಾಗು’ ಎಂದು ಬರೆಯಬೇಡಿ. ಮಗುವಿನ ಹೆಸರು, ನಿಮ್ಮ ಹೆಸರು, ತಾರೀಖು, ಸಾಕು. ‘ಓದಿ ಮುಗಿಸಿ ಕಥೆ ಹೇಳು’ ಅಂತಲೂ ಬೇಡ. ಕಪಾಟಿನಲ್ಲಿ ಇಡಿಸಬೇಡಿ. ಹಾಸಿಗೆ ಹತ್ತಿರ, ಟಿವಿ ಹತ್ತಿರ, ಮಗು ಸುಮ್ಮನೆ ಕೂರುವ ಜಾಗದಲ್ಲಿ ಬಿದ್ದಿರಲಿ. ‘ಹೊಲಸಾಗ್ತದ’ ಎಂದು ಅವ್ವ ಎತ್ತಿಡುತ್ತಾಳೆ. ಅವಳಿಗೆ ಮೊದಲೇ ಹೇಳಿ.

## ಹಂತ 7: ಎರಡು ವಾರದ ನಂತರ ಏನು ನೋಡಬೇಕು

‘ಓದಿದ್ಯಾ?’ ಎಂದು ಕೇಳಬೇಡಿ, ಪುಸ್ತಕವನ್ನೇ ನೋಡಿ. ಮೂಲೆ ಮಡಚಿದೆಯೇ, ಎಣ್ಣೆ ಕಲೆ ಇದೆಯೇ, ತಾನಾಗಿ ಒಂದೇ ಪುಟಕ್ಕೆ ತೆರೆದುಕೊಳ್ಳುತ್ತದೆಯೇ? ಆ ಪುಟ ಯಾವುದು ಅಂತ ನೋಡಿದರೆ ಮುಂದಿನ ಪುಸ್ತಕ ಯಾವುದು ಅಂತ ಗೊತ್ತಾಗುತ್ತದೆ. ಅದೇ ಕಥೆಯನ್ನು ಮೂರನೇ ಸಲ ಓದುತ್ತಿದ್ದರೆ ತಡೆಯಬೇಡಿ. ನಿಧಾನವಾಗಿ ಓದುವ ಮಗು ಸರಾಗ ಆಗುವುದು ಹಾಗೇ.

ಐದರಲ್ಲಿ ಎರಡು ಹತ್ತಿದರೆ ನಿಮ್ಮ ಆಯ್ಕೆ ಗೆದ್ದಿದೆ. ಹತ್ತದೇ ಉಳಿದದ್ದನ್ನು ಬಲವಂತ ಮಾಡಬೇಡಿ. ಅಂಗಡಿಯವರ ಜೊತೆ ಕೊಳ್ಳುವಾಗಲೇ ಬದಲಾಯಿಸಿಕೊಡುವ ಮಾತು ಮಾಡಿಕೊಂಡಿರಿ. ಪುಸ್ತಕ ಹೊಸದಾಗೇ ಇದ್ದರೆ ನಾನು ಹದಿನೈದು ದಿನದೊಳಗೆ ಬದಲಿಸಿ ಕೊಡುತ್ತೇನೆ. ಒಂದೂ ಹತ್ತಲಿಲ್ಲ ಎಂದರೆ ಇನ್ನೈದು ಕೊಳ್ಳಬೇಡಿ, ಎರಡನೇ ಹಂತಕ್ಕೆ ವಾಪಸ್ ಹೋಗಿ. ಬಹುಶಃ ಮಟ್ಟ ತಪ್ಪಿದೆ, ಇಲ್ಲವೇ ಭಾಷೆ.

ಮುನಿರಾಬಾದ್ ಹುಡುಗನ ಲೆಕ್ಕ ಹೀಗಾಯಿತು. ಬಾತುಕೋಳಿ ತಂಗಿಗೆ ಹೋಯಿತು. ಒಗಟಿನ ಪುಸ್ತಕದ ಹೊದಿಕೆ ಕಿತ್ತುಬಂದಿದೆ. ರಾಟೆಯ ಪುಸ್ತಕದಲ್ಲಿ ಹದಿಮೂರನೇ ಪುಟದಾಚೆ ಹೋಗಿಲ್ಲ, ಆದರೆ ಆ ಹದಿಮೂರು ಪುಟ ಬಾಯಿಪಾಠ. ಓದಿ ಹೇಳುವ ಕಥೆ ಮುಗಿಯುವುದಕ್ಕೆ ಇನ್ನೂ ಎರಡು ಅಧ್ಯಾಯ ಇದ್ದಾಗ ಮಾಮಾ ಊರಿಗೆ ಹೋದರು. ಅವರು ವಾಪಸ್ ಬರುವಷ್ಟರಲ್ಲಿ ಅವನೇ ತಡವರಿಸಿಕೊಂಡು ಓದಿ ಮುಗಿಸಿದ್ದ.

ಲಕೋಟೆ ಹಿಡಿದು ಜನವರಿಯಲ್ಲಿ, ಗವಿಮಠದ ಜಾತ್ರೆಗೆ ಬಂದಾಗ, ಅಂಗಡಿಗೆ ಬಂದ. ಮುಕ್ಕಾಲು ತಾಸು ಕಪಾಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಕೊನೆಗೆ ಹಾವುಗಳ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟ. ಡ್ಯಾಮಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಮಾಮಾ ಬಾಯಿ ತೆರೆದರು, ನಾನು ಅವರನ್ನು ಚಹಾದಂಗಡಿ ಕಡೆ ನೋಡುವಂತೆ ಮಾಡಿದೆ. ಪುಸ್ತಕದ ಬೆಲೆ ಲಕೋಟೆಯಲ್ಲಿ ಇದ್ದದ್ದಕ್ಕಿಂತ ಹದಿನೈದು ರೂಪಾಯಿ ಜಾಸ್ತಿ ಇತ್ತು. ಹುಡುಗ ಜೇಬು ತಡಕಿ ಜಾತ್ರೆಯಲ್ಲಿ ಖರ್ಚು ಮಾಡಲು ಇಟ್ಟುಕೊಂಡಿದ್ದ ಹತ್ತರ ಒಂದು ನೋಟು, ಐದರ ಒಂದು ನಾಣ್ಯ ತೆಗೆದು ಕೊಟ್ಟ.